ಇಂಟರ್ನ್‌ಶಿಪ್ ಮುಗಿದ ಮೇಲೆ ಕಂಪನಿಗೆ ಫೀಡ್‌ಬ್ಯಾಕ್ ಪತ್ರ ಬರೆಯುವುದು ಹೇಗೆ: ಡೈರಿಯಿಂದ ಮೇಲ್‌ವರೆಗೆ

ಇಂಟರ್ನ್‌ಶಿಪ್ ಮುಗಿಸಿದವರು ಕಂಪನಿಗೆ ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಎರಡೇ ಬಗೆ. ಒಂದರಲ್ಲಿ ಬರೀ ಧನ್ಯವಾದ ಇರುತ್ತದೆ: ಎಲ್ಲರೂ ಸಹಕರಿಸಿದರು, ತುಂಬಾ ಕಲಿತೆ, ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞತೆ. ಇನ್ನೊಂದರಲ್ಲಿ ನಾಲ್ಕು ತಿಂಗಳು ಒಳಗೇ ಇಟ್ಟುಕೊಂಡಿದ್ದ ಬೇಸರವೆಲ್ಲ ಒಮ್ಮೆಲೇ ಹೊರಬಂದಿರುತ್ತದೆ. ಮೊದಲನೆಯದು ಫೈಲಿಗೆ ಹೋಗುತ್ತದೆ. ಎರಡನೆಯದನ್ನು ಓದಿದವರು ಮುಖ ಗಂಟಿಕ್ಕಿ ಪಕ್ಕಕ್ಕಿಡುತ್ತಾರೆ. ಎರಡರಿಂದಲೂ ಮುಂದಿನ ಬ್ಯಾಚಿನ ತರಬೇತಿಯಲ್ಲಿ ಏನೂ ಬದಲಾಗುವುದಿಲ್ಲ.

ಹೀಗಾಗುವುದಕ್ಕೆ ಭಾಷೆ ಬಾರದಿರುವುದು ಕಾರಣವಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಪತ್ರ ಬರೆಯಲು ಕೂರುತ್ತಾರೆ, ಬರೆಯುತ್ತಾ ನೆನಪು ಮಾಡಿಕೊಳ್ಳುತ್ತಾರೆ. ಹಾಗೆ ಕೂತರೆ ಕೊನೆಯ ವಾರದ ಖುಷಿಯೋ ಸಿಟ್ಟೋ ಪತ್ರವನ್ನೆಲ್ಲ ಆವರಿಸಿಕೊಳ್ಳುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬರವಣಿಗೆ ಬರುವುದು ಐದನೇ ಹಂತದಲ್ಲಿ.

ಎಲ್ಲ ಹಂತಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳಿಗೆ ಶಾಫ್ಟ್, ಬುಷ್ ಮಾಡಿಕೊಡುವ ಒಂದು ಮಧ್ಯಮ ಗಾತ್ರದ ಘಟಕ. ಕ್ವಾಲಿಟಿ ವಿಭಾಗದಲ್ಲಿ 16 ವಾರಗಳ ಇಂಟರ್ನ್‌ಶಿಪ್. ಇದು ಪತ್ರ ಬರೆಯುವ ಬಗೆ ತೋರಿಸಲು ಕಟ್ಟಿದ ಉದಾಹರಣೆ. ಆದರೆ ಇದರಲ್ಲಿ ಬರುವ ತೊಂದರೆಗಳು ಇಂಥ ಘಟಕದಲ್ಲಿ ದಿನನಿತ್ಯ ಆಗುವಂಥವೇ. ನೀವು ಸಾಫ್ಟ್‌ವೇರ್ ಕಂಪನಿಯಲ್ಲಿದ್ದರೂ ಕ್ರಮ ಇದೇ.

## ಮೊದಲು ಎದುರಿಗೆ ಇಟ್ಟುಕೊಳ್ಳಬೇಕಾದದ್ದು

ಆಫರ್ ಲೆಟರ್, ಕಾಲೇಜಿಗೆಂದು ಬರೆದ ಡೈರಿ, ಮೆಂಟರ್ ಜೊತೆ ನಡೆದ ಮೇಲ್ ಮತ್ತು ವಾಟ್ಸಾಪ್ ಮಾತು, ಕ್ಯಾಲೆಂಡರ್, ನಾಲ್ಕು ಬಿಳಿ ಹಾಳೆ. ಇಷ್ಟು ಸಾಕು.

ಒಂದು ಎಚ್ಚರಿಕೆ. ಕಂಪನಿಯ ಡ್ರಾಯಿಂಗ್, ಇನ್ಸ್‌ಪೆಕ್ಷನ್ ರಿಪೋರ್ಟ್, ಗ್ರಾಹಕ ಕಂಪನಿಯ ಹೆಸರಿರುವ ಹಾಳೆಗಳನ್ನು ಸಾಕ್ಷಿಗೆಂದು ಫೋಟೋ ತೆಗೆದು ಮನೆಗೆ ತರಬೇಡಿ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಅದು ನೇರ ಉಲ್ಲಂಘನೆ. ಹಾಕದಿದ್ದರೂ, ಪತ್ರದಲ್ಲಿ ಪಾರ್ಟ್ ನಂಬರ್ ಕಂಡ ತಕ್ಷಣ ಓದುವವರ ಗಮನ ತರಬೇತಿಯಿಂದ ಜಾರಿ ನಿಮ್ಮ ಮೇಲೆ ಬೀಳುತ್ತದೆ. ನಿಮಗೆ ಬೇಕಾದದ್ದು ದಿನಾಂಕ ಮತ್ತು ನೀವು ಮಾಡಿದ ಕೆಲಸ ಮಾತ್ರ.

## ಹಂತ 1: ಡೈರಿಯಿಂದ ವಾರದ ಪಟ್ಟಿ ಇಳಿಸಿ

ಹಾಳೆಯಲ್ಲಿ ವಾರಕ್ಕೊಂದು ಸಾಲು ಎಳೆಯಿರಿ. ಪ್ರತಿ ಸಾಲಿನಲ್ಲಿ ಮೂರು ವಿಷಯ ಬರೆಯಿರಿ: ಏನು ಕೆಲಸ ಮಾಡಿದೆ, ಯಾರು ಕಲಿಸಿದರು, ಮೆಂಟರ್ ಕೂತು ಮಾತಾಡಿದರೋ ಇಲ್ಲವೋ. ಅಭಿಪ್ರಾಯ ಏನೂ ಬೇಡ.

ನಮ್ಮ ವಿದ್ಯಾರ್ಥಿನಿಯ ಪಟ್ಟಿ ಹೀಗೆ ಬಂತು. 1ರಿಂದ 3ನೇ ವಾರ: ಹಳೆಯ ಇನ್ಸ್‌ಪೆಕ್ಷನ್ ಶೀಟುಗಳನ್ನು ಎಕ್ಸೆಲ್‌ಗೆ ಹಾಕುವುದು. 4ರಿಂದ 10: ಶಾಪ್ ಫ್ಲೋರ್‌ನಲ್ಲಿ ಲೈನ್ ಇನ್ಸ್‌ಪೆಕ್ಷನ್. 11ರಿಂದ 14: ರಿಜೆಕ್ಷನ್‌ಗೆ ಕಾರಣ ಹುಡುಕುವ ಪ್ರಾಜೆಕ್ಟ್. 15, 16: ವರದಿ. ಮೆಂಟರ್ ಕೂತು ಮಾತಾಡಿದ್ದು 4, 5, 9 ಮತ್ತು 15ನೇ ವಾರ.

ಈ ಪಟ್ಟಿ ಮಾಡುವ ಮೊದಲು ಅವಳ ಮನಸ್ಸಿನಲ್ಲಿದ್ದ ಮಾತು "ಮೆಂಟರ್ ನನ್ನ ಕಡೆ ನೋಡಲೇ ಇಲ್ಲ" ಎಂಬುದು. ಪಟ್ಟಿ ಬೇರೆ ಕಥೆ ಹೇಳಿತು. ಮೆಂಟರ್ ನಾಲ್ಕು ಸಲ ಕೂತಿದ್ದಾರೆ. ಆದರೆ 10ರಿಂದ 14ನೇ ವಾರದವರೆಗೆ ಒಂದು ಸಲವೂ ಇಲ್ಲ, ಪ್ರಾಜೆಕ್ಟ್ ನಡೆದದ್ದು ಆ ದಿನಗಳಲ್ಲೇ. "ನೋಡಲೇ ಇಲ್ಲ" ಎಂದು ಬರೆದಿದ್ದರೆ ಮೆಂಟರ್ ತಕ್ಷಣ ಆ ನಾಲ್ಕು ದಿನ ತೋರಿಸಿ ಪತ್ರವನ್ನೇ ಸುಳ್ಳು ಮಾಡುತ್ತಿದ್ದರು. "ಪ್ರಾಜೆಕ್ಟ್ ವಾರಗಳಲ್ಲಿ ರಿವ್ಯೂ ಆಗಲಿಲ್ಲ" ಎಂಬುದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ, ಮತ್ತು ಅಸಲಿ ತೊಂದರೆ ಇದ್ದದ್ದೂ ಅಲ್ಲೇ.

ಡೈರಿಯನ್ನು ಕೊನೆಯಲ್ಲಿ ಒಟ್ಟಿಗೆ ಕೂತು ತುಂಬಿಸಿದ್ದರೆ ಅದನ್ನು ನಂಬಬೇಡಿ. ಅಂಥವರು ವಾಟ್ಸಾಪ್ ಮತ್ತು ಮೇಲ್‌ಗಳ ದಿನಾಂಕ ನೋಡಿ ಪಟ್ಟಿ ಮಾಡಿ. ಖಚಿತವಾಗಿ ಗೊತ್ತಿಲ್ಲದ ವಾರವನ್ನು ಖಾಲಿ ಬಿಡಿ.

## ಹಂತ 2: ಏನು ಹೇಳಿದ್ದರು, ಏನು ಸಿಕ್ಕಿತು

ಎರಡನೇ ಹಾಳೆ ತೆಗೆದುಕೊಳ್ಳಿ. ಸಿಗಬೇಕಿತ್ತು, ಸಿಗಲಿಲ್ಲ ಎಂದು ನಿಮಗೆ ಅನ್ನಿಸಿದ್ದನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಅದು ಎಲ್ಲಿಂದ ಬಂತು ಎಂದು ಗುರುತು ಹಾಕಿ: ಆಫರ್ ಲೆಟರ್‌ನಲ್ಲಿತ್ತೇ, ಯಾರಾದರೂ ಬಾಯಿಮಾತಲ್ಲಿ ಹೇಳಿದ್ದರೇ, ಇಲ್ಲ ನೀವೇ ಅಂದುಕೊಂಡಿದ್ದೇ?

ಈ ಮೂರಕ್ಕೂ ಪತ್ರದಲ್ಲಿ ಬೇರೆ ಬೇರೆ ದನಿ ಬೇಕು. ಬರಹದಲ್ಲಿ ಕೊಟ್ಟದ್ದು ಸಿಗದಿದ್ದರೆ ನೇರವಾಗಿ ಹೇಳಬಹುದು. ಬಾಯಿಮಾತಿನದಾದರೆ "ಆರಂಭದಲ್ಲಿ ಹೀಗೆ ತಿಳಿದುಕೊಂಡಿದ್ದೆ" ಎನ್ನಿ. ನೀವೇ ಅಂದುಕೊಂಡಿದ್ದಾದರೆ ಅದು ಕಂಪನಿಯ ಕೊರತೆಯಲ್ಲ. ಹೆಚ್ಚೆಂದರೆ "ಮೊದಲ ದಿನವೇ ಇದನ್ನು ತಿಳಿಸಿದರೆ ಒಳ್ಳೆಯದು" ಎಂಬ ಸಲಹೆಯಾಗಬಹುದು.

ನಮ್ಮ ಉದಾಹರಣೆಯಲ್ಲಿ ಆಫರ್ ಲೆಟರ್‌ನಲ್ಲಿ ಸಿಎಂಎಂ ತರಬೇತಿ ಎಂದು ಬರೆದಿತ್ತು. ಸಿಎಂಎಂ ಅಂದರೆ ಬಿಡಿಭಾಗದ ಮೇಲ್ಮೈಯನ್ನು ಪ್ರೋಬ್‌ನಿಂದ ಮುಟ್ಟಿ ಮೂರು ದಿಕ್ಕಿನ ಅಳತೆ ತೆಗೆಯುವ ಯಂತ್ರ. ಘಟಕದಲ್ಲಿ ಅಂಥದ್ದು ಒಂದೇ ಇದೆ. ಸದಾ ಕೆಲಸದಲ್ಲಿರುತ್ತದೆ. ಅವಳಿಗೆ ಸಿಕ್ಕಿದ್ದು ಎರಡು ಸಲ ಪಕ್ಕದಲ್ಲಿ ನಿಂತು ನೋಡುವ ಅವಕಾಶ. ಇದು ಬರಹದಲ್ಲಿದ್ದ ಮಾತು. ಆದ್ದರಿಂದ ಪತ್ರಕ್ಕೆ ಬರಬಹುದು. ಡಿಸೈನ್ ವಿಭಾಗದಲ್ಲೂ ಒಂದು ವಾರ ಕಳೆಯಬೇಕು ಎಂಬುದು ಅವಳದೇ ಆಸೆಯಾಗಿತ್ತು. ಅದನ್ನು ಅಲ್ಲೇ ಹೊಡೆದು ಹಾಕಿದಳು.

## ಹಂತ 3: ಈ ಪತ್ರಕ್ಕೆ ಸೇರದ್ದನ್ನು ಹೊರಗಿಡಿ

ಕೆಲವು ವಿಷಯಗಳು ತೀರಾ ಗಂಭೀರ. ಅದೇ ಕಾರಣಕ್ಕೆ ಅವು ಫೀಡ್‌ಬ್ಯಾಕ್ ಪತ್ರದೊಳಗೆ ಬರಬಾರದು. ಬಂದರೆ ಅವು ಸಲಹೆಯ ಮಟ್ಟಕ್ಕೆ ಇಳಿದುಬಿಡುತ್ತವೆ.

ಲೈಂಗಿಕ ಕಿರುಕುಳ ಇದರಲ್ಲಿ ಮೊದಲನೆಯದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಉದ್ಯೋಗಿ ಎಂಬುದರೊಳಗೆ ಟ್ರೈನಿ, ಅಪ್ರೆಂಟಿಸ್‌ಗಳೂ ಸೇರುತ್ತಾರೆ. ಸಂಬಳ ಇಲ್ಲದೆ ಕೆಲಸ ಮಾಡುವವರೂ ಸೇರುತ್ತಾರೆ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. 10ಕ್ಕಿಂತ ಕಡಿಮೆ ಜನರಿರುವ ಘಟಕವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಹೋಗುತ್ತದೆ. ಇಂಟರ್ನ್‌ಶಿಪ್ ಮುಗಿಯಲಿ, ಪತ್ರದಲ್ಲಿ ಬರೆದರಾಯಿತು ಎಂದು ಕಾಯುತ್ತಾ ಕೂತರೆ ಈ ಗಡುವು ಮೀರಿಹೋಗಬಹುದು.

ಯಂತ್ರದಿಂದ ಆದ ಗಾಯ, ಬಾಕಿ ಉಳಿದ ಸ್ಟೈಪೆಂಡ್, ತಡೆಹಿಡಿದ ಸರ್ಟಿಫಿಕೇಟ್, ಜಾತಿ ಹಿಡಿದು ಆಡಿದ ಮಾತು, ಇವಕ್ಕೂ ಪ್ರತ್ಯೇಕ ಪತ್ರ ಬೇಕು. ಪ್ರತಿಯನ್ನು ಕಾಲೇಜಿಗೂ ಕೊಡಿ. ಫೀಡ್‌ಬ್ಯಾಕ್ ಪತ್ರದಲ್ಲಿ ಅವುಗಳ ಸುದ್ದಿಯೇ ಬೇಡ.

## ಹಂತ 4: ಮೂರೇ ಅಂಶ ಆರಿಸಿ

ಪಟ್ಟಿಯಲ್ಲಿ ಹತ್ತು ಹನ್ನೆರಡು ತೊಂದರೆ ಬಂದಿರುತ್ತವೆ. ಎಲ್ಲವನ್ನೂ ಬರೆದರೆ ಓದುವವರು ತಮಗೆ ಸುಲಭವಾದದ್ದನ್ನು ಎತ್ತಿಕೊಂಡು ಉಳಿದದ್ದನ್ನು ಬಿಡುತ್ತಾರೆ. ಕ್ಯಾಂಟೀನ್ ಊಟ ಸರಿಯಿರಲಿಲ್ಲ ಎಂಬ ಒಂದು ಸಾಲು ಇದ್ದರೆ ಮೀಟಿಂಗಿನಲ್ಲಿ ಚರ್ಚೆಯಾಗುವುದು ಕ್ಯಾಂಟೀನೇ.

ಆರಿಸಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದರಿಂದ ಕಂಪನಿಯ ಕೆಲಸಕ್ಕೂ ಪೆಟ್ಟು ಬಿತ್ತೇ? ಇದನ್ನು ಒಬ್ಬ ಮೆಂಟರ್ ಅಥವಾ ವಿಭಾಗದ ಮುಖ್ಯಸ್ಥರು ತಮ್ಮ ಮಟ್ಟದಲ್ಲೇ ಸರಿಮಾಡಬಹುದೇ? ಎರಡಕ್ಕೂ ಹೌದು ಎಂದು ಬಂದದ್ದನ್ನು ಮೇಲಿಡಿ. ಮಾಲೀಕರ ಒಪ್ಪಿಗೆ, ಹೊಸ ಯಂತ್ರ, ಹೊಸ ನೇಮಕ ಬೇಕಾಗುವ ಸಲಹೆಗಳು ಎಷ್ಟೇ ನ್ಯಾಯವಾಗಿದ್ದರೂ ಇಂಟರ್ನ್ ಪತ್ರದಿಂದ ಆಗುವುದಿಲ್ಲ.

ನಮ್ಮ ವಿದ್ಯಾರ್ಥಿನಿ ಆರಿಸಿದ್ದು: ಅಳತೆ ಉಪಕರಣದ ತರಬೇತಿ ತಡವಾಗಿ ಸಿಕ್ಕಿದ್ದು, ಪ್ರಾಜೆಕ್ಟ್ ವಾರಗಳಲ್ಲಿ ರಿವ್ಯೂ ಇಲ್ಲದ್ದು, ಆಫರ್ ಲೆಟರ್‌ನ ಸಿಎಂಎಂ ಮಾತು.

## ಹಂತ 5: ಪ್ರತಿ ಅಂಶವನ್ನೂ ನಾಲ್ಕು ಮಾತಿನಲ್ಲಿ ಕಟ್ಟಿ

ಪತ್ರ ನಿಲ್ಲುವುದೋ ಬೀಳುವುದೋ ಈ ಹಂತದಲ್ಲಿ ತೀರ್ಮಾನವಾಗುತ್ತದೆ. ಸಮಯ ಕೊಟ್ಟು ಮಾಡಿ. ಪ್ರತಿ ಅಂಶಕ್ಕೂ ನಾಲ್ಕು ಭಾಗ: ಏನಾಯಿತು, ಅದರಿಂದ ಕೆಲಸಕ್ಕೆ ಏನಾಯಿತು, ಏನು ಬದಲಿಸಬಹುದು, ಆ ಬದಲಾವಣೆಗೆ ಯಾರ ಎಷ್ಟು ಸಮಯ ಬೇಕು.

ಮೊದಲ ಅಂಶವನ್ನೇ ನೋಡೋಣ. ಅವಳ ಕಚ್ಚಾ ಬರಹ ಹೀಗಿತ್ತು: "ಮೂರು ವಾರ ನನ್ನನ್ನು ಡೇಟಾ ಎಂಟ್ರಿಗೆ ಬಳಸಿಕೊಂಡರು. ಆಮೇಲೆ ಏನೂ ಹೇಳಿಕೊಡದೆ ಲೈನ್‌ಗೆ ಕಳಿಸಿದರು. ಯಾರಿಗೂ ಕಲಿಸುವ ಆಸಕ್ತಿ ಇರಲಿಲ್ಲ."

ಕೊನೆಯ ವಾಕ್ಯ ಊಹೆ. ಬೇರೆಯವರ ಮನಸ್ಸಿನಲ್ಲಿ ಏನಿತ್ತು ಎಂದು ನಮಗೆ ಗೊತ್ತಿರುವುದಿಲ್ಲ, ಅಲ್ವಾ? ಅದನ್ನು ತೆಗೆಯಿರಿ. "ಬಳಸಿಕೊಂಡರು" ಎಂಬುದು ಆರೋಪ. "ಏನೂ ಹೇಳಿಕೊಡದೆ" ಎಂಬುದು ಸಡಿಲ ಮಾತು. ಹಾಗಾದರೆ ಹೇಳಿಕೊಡದೆ ಉಳಿದದ್ದು ನಿಖರವಾಗಿ ಯಾವುದು?

ಡೈರಿಯ 4ನೇ ವಾರದಲ್ಲಿ ಉತ್ತರ ಸಿಕ್ಕಿತು. ಆವತ್ತು ಅವಳು ಒಂದು ಶಾಫ್ಟಿನ ಹೊರವ್ಯಾಸ ಅಳೆಯುತ್ತಿದ್ದಳು. ಡ್ರಾಯಿಂಗ್ ಪ್ರಕಾರ ಅದು 20.00 ಮಿ.ಮೀ. ಮೀರಬಾರದು. ಅವಳ ಮೈಕ್ರೊಮೀಟರ್ 20.01 ತೋರಿಸಿತು. ಸೈಜ್ ಜಾಸ್ತಿ ಬಂದಿದೆ ಎಂದು 60 ಪೀಸಿನ ಟ್ರೇಗೆ ಹೋಲ್ಡ್ ಟ್ಯಾಗ್ ಹಾಕಿದಳು. ಯಂತ್ರ ನಿಲ್ಲಿಸಿದರು. ಲೈನ್ ಇನ್ಸ್‌ಪೆಕ್ಟರ್ ಬಂದು ಮೈಕ್ರೊಮೀಟರಿನ ಎರಡು ತುದಿಗಳನ್ನು ಒರೆಸಿ, ಪೀಸ್ ಇಲ್ಲದೆ ಮುಚ್ಚಿ ನೋಡಿದರು. ಸೊನ್ನೆ ಬರಬೇಕಾದ ಕಡೆ 0.02 ಇತ್ತು. ಅಂದರೆ ಶಾಫ್ಟಿನ ನಿಜ ಅಳತೆ 19.99. ಪೀಸುಗಳು ಸರಿಯಾಗಿಯೇ ಇದ್ದವು. ಮತ್ತೆ ಅಳೆದು ಯಂತ್ರ ಚಾಲೂ ಮಾಡುವಷ್ಟರಲ್ಲಿ 40 ನಿಮಿಷ ಹೋಯಿತು. ಅಳೆಯುವ ಮೊದಲು ಝೀರೋ ನೋಡಬೇಕು ಎಂದು ಕಾಲೇಜಿನ ಲ್ಯಾಬಿನಲ್ಲಿ ಓದಿದ್ದಳು. ಆದರೆ ಶಾಪ್ ಫ್ಲೋರ್‌ನಲ್ಲಿ ದಿನಾ ಯಾವಾಗ ನೋಡಬೇಕು, ತಪ್ಪಿದ್ದರೆ ಉಪಕರಣವನ್ನು ಯಾರಿಗೆ ಕೊಡಬೇಕು ಎಂದು ಯಾರೂ ತೋರಿಸಿರಲಿಲ್ಲ.

ಈಗ ಅವಳ ಕೈಯಲ್ಲಿ ಒಂದು ಘಟನೆ, ಒಂದು ಕಾರಣ, ಒಂದು ನಷ್ಟ ಇದೆ. ಪ್ರೊಡಕ್ಷನ್ ಮ್ಯಾನೇಜರ್‌ಗೆ 40 ನಿಮಿಷ ಯಂತ್ರ ನಿಂತದ್ದು ತಕ್ಷಣ ಅರ್ಥವಾಗುತ್ತದೆ. ಇಂಟರ್ನ್‌ಗೆ ಬೇಸರವಾಯಿತು ಎಂಬುದು ಅಷ್ಟು ಬೇಗ ಅರ್ಥವಾಗುವುದಿಲ್ಲ. ನಷ್ಟದ ಲೆಕ್ಕವನ್ನು ನೀವು ಕಣ್ಣಾರೆ ನೋಡಿದ್ದಷ್ಟಕ್ಕೇ ನಿಲ್ಲಿಸಿ. 40 ನಿಮಿಷವನ್ನು ರೂಪಾಯಿಗೆ ತಿರುಗಿಸಲು ಹೋದರೆ ನಿಮಗೆ ಗೊತ್ತಿಲ್ಲದ ಲೆಕ್ಕಕ್ಕೆ ಕೈಹಾಕಿದಂತೆ.

ಇನ್ನು ಸಲಹೆ. ಅವಳ ಮೊದಲ ಸಲಹೆ "ಡೇಟಾ ಎಂಟ್ರಿ ಕೊಡಬೇಡಿ" ಎಂದಿತ್ತು. ಆದರೆ ಆ ಕೆಲಸ ಯಾರಾದರೂ ಮಾಡಲೇಬೇಕು. ಕಂಪನಿ ಒಪ್ಪುವುದಿಲ್ಲ. ಪಟ್ಟಿಯನ್ನು ಮತ್ತೊಮ್ಮೆ ನೋಡಿದಾಗ ಬೇರೆ ದಾರಿ ಕಂಡಿತು. ಆ ಶೀಟುಗಳಲ್ಲಿದ್ದ ಅಂಕಿಗಳ ಅರ್ಥವೇ ಆಗ ಅವಳಿಗೆ ಗೊತ್ತಿರಲಿಲ್ಲ. ಮೊದಲ ಎರಡು ದಿನ ಉಪಕರಣ ಕಲಿಸಿ, ಆಮೇಲೆ ಶೀಟು ಕೊಟ್ಟಿದ್ದರೆ ಅದೇ ಡೇಟಾ ಎಂಟ್ರಿ ಪಾಠವಾಗುತ್ತಿತ್ತು. ಯಾವ ಅಳತೆ ಪದೇ ಪದೇ ಅಂಚಿಗೆ ಬರುತ್ತಿದೆ ಎಂದು ಟೈಪ್ ಮಾಡುತ್ತಲೇ ಗೊತ್ತಾಗುತ್ತಿತ್ತು. ಕೆಲಸ ತೆಗೆಯುವ ಬದಲು ಕೆಲಸದ ಕ್ರಮ ಬದಲಿಸುವ ಸಲಹೆ ಇದು. ಖರ್ಚು: ಒಬ್ಬ ಇನ್ಸ್‌ಪೆಕ್ಟರ್‌ರ ಎರಡು ಬೆಳಗ್ಗೆ. ನನ್ನ ಅಭಿಪ್ರಾಯದಲ್ಲಿ ಇಂಟರ್ನ್ ಕೊಡಬಹುದಾದ ಅತ್ಯುತ್ತಮ ಸಲಹೆಗಳು ಈ ಜಾತಿಯವು. ಕ್ರಮದ ತಪ್ಪು ಹೊಸಬರಿಗೆ ಮಾತ್ರ ಕಾಣುತ್ತದೆ. ಒಳಗಿರುವವರಿಗೆ ಎಲ್ಲವೂ ಮೊದಲೇ ಗೊತ್ತಿರುವುದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತೋಚುವುದೇ ಇಲ್ಲ.

ಎರಡನೇ ಅಂಶಕ್ಕೂ ಇದೇ ರೀತಿ. ಪ್ರಾಜೆಕ್ಟಿನಲ್ಲಿ ಅವಳು ರಿವರ್ಕ್ ಪೀಸು, ಸ್ಕ್ರ್ಯಾಪ್ ಪೀಸು ಎರಡನ್ನೂ ಒಟ್ಟು ಸೇರಿಸಿ ಎಣಿಸಿದ್ದಳು. ಶಾಫ್ಟ್ ದಪ್ಪ ಬಂದರೆ ಮತ್ತೆ ಟರ್ನಿಂಗ್ ಮಾಡಿ ಸರಿಪಡಿಸಬಹುದು. ಸಣ್ಣ ಬಂದರೆ ಸ್ಕ್ರ್ಯಾಪೇ ಗತಿ. ಎರಡರ ಕಾರಣವೂ ಬೇರೆ. ಮೆಂಟರ್ ಇದನ್ನು ಹೇಳಿದ್ದು 15ನೇ ವಾರ. ಎಣಿಕೆಯನ್ನೆಲ್ಲ ಮತ್ತೆ ಮಾಡಬೇಕಾಯಿತು. ವರದಿ ಅವಸರದಲ್ಲಿ ಮುಗಿಯಿತು. 11ನೇ ವಾರ 15 ನಿಮಿಷ ಕೂತಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು: ಆ ವಾರಗಳಲ್ಲಿ ಅವಳೂ ರಿವ್ಯೂ ಕೇಳಿರಲಿಲ್ಲ. ಅದನ್ನು ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಹೇಳಬೇಕು. ಹೇಳದಿದ್ದರೆ ಮೆಂಟರ್ ಹೇಳುತ್ತಾರೆ, ಆಗ ಇಡೀ ಅಂಶ ಬಿದ್ದುಹೋಗುತ್ತದೆ. ಎರಡನೇ ವಾಕ್ಯಕ್ಕೆ ಹೋಗಬೇಡಿ. ಅಲ್ಲಿಂದ ಕ್ಷಮೆ ಕೇಳುವ ಪತ್ರವಾಗಿಬಿಡುತ್ತದೆ.

## ಹಂತ 6: ಉಳಿಸಿಕೊಳ್ಳಬೇಕಾದದ್ದನ್ನೂ ಅಷ್ಟೇ ನಿಖರವಾಗಿ ಬರೆಯಿರಿ

ಮೆಚ್ಚುಗೆ ಬರೆಯುವುದು ಕಹಿ ಮಾತ್ರೆಗೆ ಬೆಲ್ಲ ಸವರಲು ಅಲ್ಲ. ತರಬೇತಿಯಲ್ಲಿ ಯಾವುದು ಕೆಲಸ ಮಾಡುತ್ತಿದೆ ಎಂಬುದು ಕಂಪನಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೆ ಮುಂದಿನ ವರ್ಷ ಅದನ್ನೇ ತೆಗೆದುಹಾಕಬಹುದು.

"ಸಿಬ್ಬಂದಿ ತುಂಬಾ ಸಹಕಾರ ಕೊಟ್ಟರು" ಎಂದರೆ ಯಾರಿಗೂ ಉಪಯೋಗವಿಲ್ಲ. ನಮ್ಮ ವಿದ್ಯಾರ್ಥಿನಿಗೆ ಲೈನ್ ಇನ್ಸ್‌ಪೆಕ್ಟರ್ ಫಸ್ಟ್ ಪೀಸ್ ಇನ್ಸ್‌ಪೆಕ್ಷನ್ ಕಲಿಸಿದ್ದರು. ಯಂತ್ರದ ಸೆಟ್ಟಿಂಗ್ ಬದಲಾದಾಗ, ಲೋಹ ಕತ್ತರಿಸುವ ಇನ್ಸರ್ಟ್ ಬದಲಾದಾಗ ಮೊದಲ ಪೀಸಿನ ಎಲ್ಲ ಅಳತೆಯನ್ನೂ ನೋಡಿ, ಸರಿಯಿದ್ದರೆ ಮಾತ್ರ ಲಾಟ್ ಓಡಿಸುವುದು. ಅವರು ಮೊದಲು ಅವಳಿಂದ ಅಳತೆ ಹೇಳಿಸಿ, ಆಮೇಲೆ ತಾವು ಅಳೆದು ಎರಡನ್ನೂ ಹೋಲಿಸುತ್ತಿದ್ದರು. ಪತ್ರದಲ್ಲಿ ಬರಬೇಕಾದದ್ದು ಈ ವಿಧಾನ. ಆ ಇನ್ಸ್‌ಪೆಕ್ಟರ್‌ರ ಹೆಸರನ್ನು ಧಾರಾಳವಾಗಿ ಬರೆಯಿರಿ. ಮೆಚ್ಚುಗೆಗೆ ಹೆಸರಿರಲಿ, ಕೊರತೆಗೆ ಹುದ್ದೆಯೂ ಬೇಡ, ಕೆಲಸದ ಹೆಸರು ಸಾಕು.

## ಹಂತ 7: ಪತ್ರ ಜೋಡಿಸಿ

ಈಗ ಜೋಡಿಸುವುದು ಸುಲಭ. ಒಂದೂವರೆ ಪುಟ ಮೀರದಿರಲಿ. ಭಾಷೆ ಯಾವುದು ಎಂದು ತುಂಬಾ ಜನ ಕೇಳುತ್ತಾರೆ. ಕಂಪನಿಯ ಮೇಲ್ ವ್ಯವಹಾರ ಯಾವ ಭಾಷೆಯಲ್ಲಿದೆಯೋ ಅದರಲ್ಲೇ ಕಳಿಸಿ. ಆದರೆ ಮೊದಲ ಕರಡನ್ನು ನಿಮಗೆ ಸಲೀಸಾದ ಭಾಷೆಯಲ್ಲಿ ಬರೆಯಿರಿ. ಪರಿಚಯವಿಲ್ಲದ ಭಾಷೆಯಲ್ಲಿ ನೇರ ಬರೆಯಲು ಕೂತರೆ ಸಿದ್ಧವಾಕ್ಯಗಳು ನುಗ್ಗಿ ಬಂದು ಘಟನೆಗಳೇ ಕಾಣೆಯಾಗುತ್ತವೆ.

> ವಿಷಯ: ಕ್ವಾಲಿಟಿ ವಿಭಾಗದ 16 ವಾರಗಳ ಇಂಟರ್ನ್‌ಶಿಪ್ ತರಬೇತಿ ಬಗ್ಗೆ ಅನುಭವ ಮತ್ತು ಮೂರು ಸಲಹೆ
>
> ಮಾನ್ಯರೆ,
>
> ನಿಮ್ಮ ಕ್ವಾಲಿಟಿ ವಿಭಾಗದಲ್ಲಿ 16 ವಾರಗಳ ಇಂಟರ್ನ್‌ಶಿಪ್ ಮುಗಿಸಿದ್ದೇನೆ. ಮುಂದಿನ ಬ್ಯಾಚಿನ ತರಬೇತಿಗೆ ನೆರವಾಗಲಿ ಎಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ಇದರ ವಿಷಯವನ್ನು ನನ್ನ ಮೆಂಟರ್ ಜೊತೆ ಮೊದಲೇ ಮಾತಾಡಿದ್ದೇನೆ.
>
> ನನಗೆ ಅತಿ ಹೆಚ್ಚು ಉಪಯೋಗವಾದದ್ದು ಫಸ್ಟ್ ಪೀಸ್ ಇನ್ಸ್‌ಪೆಕ್ಷನ್ ಕಲಿಸಿದ ರೀತಿ. ಲೈನ್ ಇನ್ಸ್‌ಪೆಕ್ಟರ್ ಮೊದಲು ನನ್ನಿಂದ ಅಳತೆ ಹೇಳಿಸಿ, ನಂತರ ತಾವು ಅಳೆದು ವ್ಯತ್ಯಾಸ ತೋರಿಸುತ್ತಿದ್ದರು. ದಯವಿಟ್ಟು ಇದನ್ನು ಮುಂದುವರಿಸಿ.
>
> 1. ಉಪಕರಣ ತರಬೇತಿ. ಮೊದಲ ಮೂರು ವಾರ ಇನ್ಸ್‌ಪೆಕ್ಷನ್ ಶೀಟುಗಳನ್ನು ಎಕ್ಸೆಲ್‌ಗೆ ಹಾಕಿದೆ. 4ನೇ ವಾರ ಲೈನ್‌ನಲ್ಲಿ ಅಳತೆ ಆರಂಭಿಸಿದಾಗ ಮೈಕ್ರೊಮೀಟರಿನ ಝೀರೋ ನೋಡುವ ದಿನನಿತ್ಯದ ಕ್ರಮ ನನಗೆ ತಿಳಿದಿರಲಿಲ್ಲ. ಇದರಿಂದ ಸರಿಯಾಗಿದ್ದ 60 ಪೀಸುಗಳನ್ನು ಹೋಲ್ಡ್ ಮಾಡಿದೆ. ಯಂತ್ರ 40 ನಿಮಿಷ ನಿಂತಿತು. ಮೊದಲ ವಾರದ ಎರಡು ಬೆಳಗ್ಗೆ ಉಪಕರಣಗಳ ಬಳಕೆ ತೋರಿಸಿ, ಆಮೇಲೆ ಶೀಟುಗಳ ಕೆಲಸ ಕೊಟ್ಟರೆ ಒಳ್ಳೆಯದು. ಆಗ ಆ ಅಂಕಿಗಳೂ ಇಂಟರ್ನ್‌ಗೆ ಅರ್ಥವಾಗುತ್ತವೆ.
>
> 2. ಪ್ರಾಜೆಕ್ಟ್ ರಿವ್ಯೂ. 4, 5, 9ನೇ ವಾರದ ರಿವ್ಯೂಗಳಿಂದ ನನ್ನ ಕೆಲಸ ಸುಧಾರಿಸಿತು. ಪ್ರಾಜೆಕ್ಟ್ ನಡೆದ 11ರಿಂದ 14ನೇ ವಾರ ರಿವ್ಯೂ ಆಗಲಿಲ್ಲ. ನಾನೂ ಕೇಳಲಿಲ್ಲ. ರಿವರ್ಕ್ ಮತ್ತು ಸ್ಕ್ರ್ಯಾಪ್ ಬೇರೆ ಎಣಿಸಬೇಕು ಎಂದು 15ನೇ ವಾರ ತಿಳಿದು, ಎಣಿಕೆ ಪುನಃ ಮಾಡಬೇಕಾಯಿತು. ಪ್ರಾಜೆಕ್ಟ್ ವಾರಗಳಲ್ಲಿ ಶನಿವಾರ 15 ನಿಮಿಷ ನಿಗದಿ ಮಾಡಬಹುದು. ಮೆಂಟರ್ ಹೊರಗಿದ್ದರೆ ಯಾರನ್ನು ಕೇಳಬೇಕು ಎಂದು ಒಬ್ಬರ ಹೆಸರು ಮೊದಲೇ ತಿಳಿಸಬಹುದು.
>
> 3. ಸಿಎಂಎಂ. ಆಫರ್ ಲೆಟರ್‌ನಲ್ಲಿ ಸಿಎಂಎಂ ತರಬೇತಿ ಎಂದಿತ್ತು. ಎರಡು ಸಲ ನೋಡುವ ಅವಕಾಶ ಸಿಕ್ಕಿತು. ಯಂತ್ರದ ಬಿಡುವು ಕಡಿಮೆ ಎಂಬುದು ನನಗೆ ಅರ್ಥವಾಗುತ್ತದೆ. ಒಂದು ಸ್ಕ್ರ್ಯಾಪ್ ಪೀಸನ್ನು ಇಂಟರ್ನ್ ಕೈಯಿಂದಲೇ ಅಳೆಸುವ ಎರಡು ಗಂಟೆಯ ಪಾಠ ಸಾಧ್ಯವಾದರೆ ಒಳ್ಳೆಯದು. ಸಾಧ್ಯವಾಗದಿದ್ದರೆ ಆಫರ್ ಲೆಟರ್‌ನಲ್ಲಿ 'ಸಿಎಂಎಂ ವೀಕ್ಷಣೆ' ಎಂದು ಬರೆದರೆ ಗೊಂದಲ ಇರುವುದಿಲ್ಲ.
>
> ಇವುಗಳ ಬಗ್ಗೆ ಹೆಚ್ಚಿನ ವಿವರ ಬೇಕಿದ್ದರೆ ಫೋನಿನಲ್ಲಿ ಮಾತಾಡಲು ಸಿದ್ಧಳಿದ್ದೇನೆ. ತರಬೇತಿಗೆ ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ.
>
> ಇಂತಿ,
> (ಹೆಸರು, ಕಾಲೇಜು, ಇಂಟರ್ನ್‌ಶಿಪ್ ಅವಧಿ)

ಇನ್ಸ್‌ಪೆಕ್ಟರ್‌ರ ಹೆಸರು ನಿಜವಾದ ಪತ್ರದಲ್ಲಿ ಬರಬೇಕು. ಇಲ್ಲಿ ಮಾದರಿಯಾದ್ದರಿಂದ ಬಿಟ್ಟಿದ್ದೇನೆ.

## ಹಂತ 8: ಎರಡು ದಿನ ಬಿಟ್ಟು ಓದಿ

ಬರೆದ ದಿನವೇ ಕಳಿಸಬೇಡಿ. ಎರಡು ದಿನ ಬಿಟ್ಟು, ಪೆನ್ನು ಹಿಡಿದು ಓದಿ. "ಯಾವಾಗಲೂ", "ಯಾರೂ", "ಏನೂ", "ಬರೀ" ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿ ಗೆರೆಯಲ್ಲೂ ಒಂದು ದಿನಾಂಕವೋ ಸಂಖ್ಯೆಯೋ ಕಾಣೆಯಾಗಿರುತ್ತದೆ. ಡೈರಿಯಿಂದ ಅದನ್ನು ತಂದು ಹಾಕಿ. ಸಿಗದಿದ್ದರೆ ವಾಕ್ಯವನ್ನೇ ತೆಗೆಯಿರಿ.

ಆಮೇಲೆ ಮೆಂಟರ್ ಕಣ್ಣಿನಿಂದ ಓದಿ. ಅವರು ಇದನ್ನು ತಮ್ಮ ಮೇಲಧಿಕಾರಿ ಎದುರು ಕೂತು ಓದುತ್ತಿದ್ದಾರೆ ಎಂದುಕೊಳ್ಳಿ. "ಇದು ಸುಳ್ಳು" ಎಂದು ಅವರು ಹೇಳಬಹುದಾದ ಸಾಲು ಇದೆಯೇ? ಇದ್ದರೆ ಸರಿಪಡಿಸಿ. "ಇದನ್ನು ನನಗೇ ಹೇಳಬಹುದಿತ್ತಲ್ಲ" ಎನ್ನಬಹುದಾದ ಸಾಲು ಇದೆಯೇ? ಇದ್ದರೆ ಮೊದಲು ಅವರಿಗೇ ಹೇಳಿ.

ಸ್ನೇಹಿತರಿಗೆ ತೋರಿಸುವುದಾದರೆ ಅದೇ ಕಂಪನಿಯಲ್ಲಿ ಇಲ್ಲದವರಿಗೆ ತೋರಿಸಿ. ಜೊತೆಗಿದ್ದ ಇಂಟರ್ನ್ ಓದಿದರೆ ತಮ್ಮ ದೂರನ್ನೂ ಸೇರಿಸಲು ಹೇಳುತ್ತಾರೆ. ನಿಮಗೆ ಆಗಿದ್ದನ್ನಷ್ಟೇ ನೀವು ಬರೆಯಬೇಕು.

## ಹಂತ 9: ಯಾವಾಗ, ಯಾರಿಗೆ

ಸತ್ಯ ಹೇಳಬೇಕೆಂದರೆ, ನಿಮ್ಮ ಸರ್ಟಿಫಿಕೇಟ್ ಮತ್ತು ಮೌಲ್ಯಮಾಪನದ ಫಾರಂ ಎರಡೂ ಕಂಪನಿಯ ಕೈಯಲ್ಲಿರುತ್ತವೆ. ಹೆದರಿಕೆ ಸಹಜ. ಆದ್ದರಿಂದ ಎರಡೂ ಕೈಗೆ ಬಂದ ಮೇಲೆ, ಒಂದು ವಾರದೊಳಗೆ ಕಳಿಸಿ. ತಿಂಗಳು ಕಳೆದರೆ ಯಾರಿಗೂ ಘಟನೆ ನೆನಪಿರುವುದಿಲ್ಲ. ಕಂಪನಿಯೇ ಕೊನೆಯ ದಿನಕ್ಕೆ ಮೊದಲು ಫೀಡ್‌ಬ್ಯಾಕ್ ಫಾರಂ ಕೊಟ್ಟರೆ ಅದರಲ್ಲಿ ಸುಳ್ಳು ಹೊಗಳಿಕೆ ಬರೆಯಬೇಡಿ. ಆಮೇಲೆ ಬರುವ ಪತ್ರಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಇದೇ ಅಂಶಗಳನ್ನು ಚಿಕ್ಕದಾಗಿ ಬರೆದು, "ವಿವರವಾಗಿ ಪ್ರತ್ಯೇಕ ಬರೆಯುತ್ತೇನೆ" ಎನ್ನಿ.

ಹೆಸರಿಲ್ಲದ ಪತ್ರದ ಯೋಚನೆ ಬಿಡಿ. ಇಬ್ಬರೇ ಇಂಟರ್ನ್ ಇದ್ದ ಕಡೆ ಬರೆದವರು ಯಾರೆಂದು ಮೊದಲ ಸಾಲಿಗೇ ಗೊತ್ತಾಗುತ್ತದೆ.

ಕಳಿಸುವ ಮೊದಲು ಮೆಂಟರ್‌ಗೆ ಒಂದು ಫೋನ್ ಮಾಡಿ. "ಸರ್, ತರಬೇತಿ ಬಗ್ಗೆ ಎಚ್‌ಆರ್‌ಗೆ ಒಂದು ಪತ್ರ ಬರೀತಿದ್ದೀನಿ. ರಿವ್ಯೂ ವಿಷಯ ಅದರಲ್ಲಿದೆ. ಮೊದಲು ನಿಮಗೆ ಹೇಳೋಣ ಅಂತ." ಇಷ್ಟೇ ಸಾಕು. ಅವರು ಆ ವಾರಗಳಲ್ಲಿ ಗ್ರಾಹಕರ ಆಡಿಟ್‌ನಲ್ಲಿದ್ದೆ ಎನ್ನಬಹುದು. ಹಾಗಿದ್ದರೆ ಪತ್ರದಲ್ಲಿ ಅದನ್ನೂ ಸೇರಿಸಿ. ಅಂಶ ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಬದಲಿ ವ್ಯಕ್ತಿ ಬೇಕು ಎಂಬ ಸಲಹೆಗೆ ಕಾರಣವೇ ಅದು. ಪತ್ರ ಬರೆಯಬೇಡ ಎಂದರೆ ವಿನಯದಿಂದ "ತಪ್ಪಿದ್ದರೆ ತಿದ್ದಿ ಸರ್, ತಿದ್ದಿ ಕಳಿಸ್ತೀನಿ" ಎನ್ನಿ.

ಪತ್ರ ಎಚ್‌ಆರ್‌ಗೂ ವಿಭಾಗದ ಮುಖ್ಯಸ್ಥರಿಗೂ ಒಟ್ಟಿಗೆ ಹೋಗಲಿ, ಪ್ರತಿ ಮೆಂಟರ್‌ಗೆ ಇರಲಿ. ಎಚ್‌ಆರ್‌ಗೆ ಮಾತ್ರ ಕಳಿಸಿದರೆ ಮೈಕ್ರೊಮೀಟರ್ ವಿಷಯ ಅಲ್ಲೇ ನಿಲ್ಲುತ್ತದೆ. ಕಾಲೇಜನ್ನು ಅದೇ ಮೇಲ್‌ನಲ್ಲಿ ಸೇರಿಸಬೇಡಿ, ಅದು ದೂರಿನಂತೆ ಕಾಣುತ್ತದೆ. ಸಂಯೋಜಕರಿಗೆ ಆಮೇಲೆ ಪ್ರತ್ಯೇಕ ಪ್ರತಿ ಕೊಡಿ. ಮುಂದಿನ ವರ್ಷ ಯಾರನ್ನು ಅಲ್ಲಿಗೆ ಕಳಿಸಬೇಕು ಎಂದು ನಿರ್ಧರಿಸಲು ಅವರಿಗೆ ಅದು ಬೇಕು. ಕಂಪನಿ ಕೊಟ್ಟ ಮೇಲ್ ವಿಳಾಸ ಕೊನೆಯ ದಿನವೇ ಮುಚ್ಚಬಹುದು, ಹಾಗಾಗಿ ಸ್ವಂತ ವಿಳಾಸದಿಂದ ಕಳಿಸಿ.

## ಹಂತ 10: ಕಳಿಸಿದ ಮೇಲೆ

ಫೋನ್ ಬಂದರೆ ವಾರದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಮಾತಾಡಿ. ಕರೆಯ ಮಧ್ಯೆ ಹೊಸ ದೂರು ಸೇರಿಸಬೇಡಿ. "ಬೇರೆ ಇಂಟರ್ನ್‌ಗಳಿಗೂ ಹೀಗೇ ಆಯಿತಾ?" ಎಂದು ಕೇಳಿದರೆ "ನನ್ನ ಅನುಭವ ಮಾತ್ರ ಹೇಳಬಲ್ಲೆ, ಅವರನ್ನೇ ಕೇಳಿ" ಎನ್ನಿ. ನೀವು ಬರೆದದ್ದರಲ್ಲಿ ದಿನಾಂಕವೋ ಸಂಖ್ಯೆಯೋ ತಪ್ಪಿದೆ ಎಂದು ತೋರಿಸಿದರೆ ಒಪ್ಪಿಕೊಂಡು, ತಿದ್ದಿದ ಪ್ರತಿಯನ್ನು ಆವತ್ತೇ ಕಳಿಸಿ. ಸುಮ್ನೆ ವಾಪಸ್ ತೆಗೆದುಕೊಳ್ಳಿ ಎಂದರೆ, ಯಾವ ಸಾಲು ಸರಿಯಿಲ್ಲ ಎಂದು ಕೇಳಿ.

ಉತ್ತರ ಬರುವ ಮೊದಲು ಪತ್ರವನ್ನಾಗಲೀ ಅದರ ಸಾರಾಂಶವನ್ನಾಗಲೀ ಲಿಂಕ್ಡ್‌ಇನ್‌ನಲ್ಲಿ ಹಾಕಬೇಡಿ. ಹಾಕಿದ ಕ್ಷಣದಿಂದ ಕಂಪನಿ ತನ್ನ ಹೆಸರು ಉಳಿಸಿಕೊಳ್ಳುವ ಕೆಲಸಕ್ಕೆ ಇಳಿಯುತ್ತದೆ, ತರಬೇತಿ ಮರೆತುಹೋಗುತ್ತದೆ.

ಎರಡು ವಾರವಾದರೂ ಸದ್ದಿಲ್ಲದಿದ್ದರೆ ಒಂದೇ ಒಂದು ಸಾಲಿನ ಮೇಲ್ ಕಳಿಸಿ: ಪತ್ರ ತಲುಪಿತೇ, ಏನಾದರೂ ವಿವರ ಬೇಕೇ ಎಂದು. ಅದಕ್ಕೂ ಉತ್ತರ ಬಾರದಿದ್ದರೆ ಅಲ್ಲಿಗೆ ಬಿಡಿ. ಕಾಲೇಜಿನಿಂದ ಅದೇ ಘಟಕಕ್ಕೆ ಮುಂದಿನ ಬ್ಯಾಚಿನವರು ಹೋಗುತ್ತಿದ್ದರೆ, ಮೊದಲ ವಾರವೇ ಮೈಕ್ರೊಮೀಟರಿನ ಝೀರೋ ನೋಡುವ ಕ್ರಮವನ್ನು ಲೈನ್ ಇನ್ಸ್‌ಪೆಕ್ಟರ್‌ರಿಂದ ಕೇಳಿ ತಿಳಿದುಕೊಳ್ಳಲು, ಶನಿವಾರದ 15 ನಿಮಿಷವನ್ನು ತಾವೇ ಕೇಳಿ ಪಡೆಯಲು ಅವರಿಗೆ ಹೇಳಿ.